ಎರಿಮಣ್ಣಿನಲ್ಲಿ ಬಿಸಿಯಾಗುವ ಪೈಲು

ಬಾವಿಯ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ ಅನ್ನಿಸುವುದು ಗಂಗಮ್ಮನ ಮಹಿಮೆಯಿಂದಲ್ಲ. ನೀರಿನ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರುತ್ತದೆ, ಬದಲಾಗುವುದು ನಮ್ಮ ಸುತ್ತಲಿನ ಗಾಳಿ. ಹತ್ತು ಮೀಟರಿನಿಂದ ಕೆಳಗೆ ನೆಲ ಆಯಾ ಊರಿನ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆ ನೆಲವನ್ನು ಬಳಸಿಕೊಳ್ಳುವ ಉಪಾಯವೇ ಎನರ್ಜಿ ಪೈಲು. ಕಟ್ಟಡದ ಭಾರ ಹೊರಲು ಹೇಗೂ ಕಾಂಕ್ರೀಟಿನ ಪೈಲು ಇಳಿಸಬೇಕು. ಅದರ ಕಬ್ಬಿಣದ ಪಂಜರಕ್ಕೆ ಪ್ಲಾಸ್ಟಿಕ್ ಕೊಳವೆ ಕಟ್ಟಿ ನೀರು ಹರಿಸಿದರೆ, ಹೀಟ್ ಪಂಪು ಕೋಣೆಯ ಸೆಕೆಯನ್ನು ಆ ನೀರಿನ ಮೂಲಕ ಮಣ್ಣಿಗೆ ಒಪ್ಪಿಸುತ್ತದೆ. ಆಸ್ಟ್ರಿಯಾದಲ್ಲಿ 1980ರ ದಶಕದಲ್ಲೇ ಶುರುವಾದ ಈ ಪದ್ಧತಿ ನಮ್ಮ ಕಟಕೋಳದ ಎರಿಭೂಮಿಯಲ್ಲಿ ನಡೆದೀತೇ? ನಡೆದೀತು. ಆದರೆ ಜನ ಯಾವುದಕ್ಕೆ ಹೆದರುತ್ತಾರೋ ಅದು ಇಲ್ಲಿ ನಿಜವಾದ ಅಪಾಯವಲ್ಲ.

ಹೆದರಿಕೆ ಇಷ್ಟೇ: ಪೈಲು ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಕೊನೆಗೆ ಸಡಿಲಾಗಿ ಕಟ್ಟಡವನ್ನೇ ಕುಸಿಯಗೊಟ್ಟರೆ? ಲೆಕ್ಕ ಹಾಕಿ ನೋಡೋಣ. ಒಂದು ಡಿಗ್ರಿ ಬಿಸಿಗೆ ಕಾಂಕ್ರೀಟು ತನ್ನ ಉದ್ದದ ಲಕ್ಷದಲ್ಲೊಂದು ಭಾಗದಷ್ಟು ಹಿಗ್ಗುತ್ತದೆ. 20 ಮೀಟರ್ ಉದ್ದದ ಪೈಲು 10 ಡಿಗ್ರಿ ಬಿಸಿಯಾದರೆ ಹಿಗ್ಗು 2 ಮಿಲಿಮೀಟರ್ ಮಾತ್ರ. ಅಷ್ಟನ್ನೂ ಹಿಗ್ಗಗೊಡದೆ ಎರಡೂ ತುದಿಯನ್ನು ಅದುಮಿ ಹಿಡಿದರೆ ಮಾತ್ರ ಕಥೆ ಬೇರೆ. 60 ಸೆಂಟಿಮೀಟರ್ ವ್ಯಾಸದ ಪೈಲಿನೊಳಗೆ ಸುಮಾರು 85 ಟನ್ ಒತ್ತಡ ಹುಟ್ಟುತ್ತದೆ. ವಾಸ್ತವದಲ್ಲಿ ಮಣ್ಣು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಪೈಲಿನ ನಡುವೆ ಎಲ್ಲೋ ಒಂದು ಬಿಂದು ಕದಲದೆ ನಿಲ್ಲುತ್ತದೆ, ಅದರ ಮೇಲಿನ ಭಾಗ ಮೇಲಕ್ಕೂ ಕೆಳಗಿನದು ಕೆಳಕ್ಕೂ ಸರಿಯುತ್ತದೆ, ಪಕ್ಕದ ಮಣ್ಣು ಉಜ್ಜಿ ತಡೆಯುತ್ತದೆ. ಬುಡ ಬಂಡೆಯ ಮೇಲೆ ಕೂತಿದ್ದರೆ ಆ ಬಿಂದು ಕೆಳಗಿಳಿಯುತ್ತದೆ, ಮೇಲೆ ಭಾರದ ಕಟ್ಟಡವಿದ್ದರೆ ಮೇಲೇರುತ್ತದೆ. 2007ರಲ್ಲಿ ಲಂಡನ್ನಿನ ಲ್ಯಾಂಬೆತ್ ಕಾಲೇಜಿನ ಆವರಣದಲ್ಲಿ 23 ಮೀಟರ್ ಪೈಲಿನ ಮೇಲೆ ಸುಮಾರು 120 ಟನ್ ಭಾರ ಹೇರಿ, ವಾರಗಟ್ಟಲೆ ತಣಿಸಿ, ಆಮೇಲೆ ಕಾಯಿಸಿ ನೋಡಿದರು. ತಲೆಭಾಗ ಕದಲಿದ್ದು ಕೆಲವೇ ಮಿಲಿಮೀಟರ್. ತಣಿಸಿದಾಗ ಕುಸಿದದ್ದು ಕಾಯಿಸಿದಾಗ ಬಹುಪಾಲು ಮರಳಿ ಬಂತು.

ಲಂಡನ್ನಿನ ಜೇಡಿಯ ಸಾಕ್ಷ್ಯ ನಮ್ಮ ಎರಿಮಣ್ಣಿಗೆ ಹೇಗೆ ಒಪ್ಪುತ್ತದೆ ಎಂದು ಕೇಳುವುದು ನ್ಯಾಯವೇ. ಜೇಡಿಯ ನಡತೆಯನ್ನು ನಿರ್ಧರಿಸುವುದು ಅದರ ಪೂರ್ವಚರಿತ್ರೆ. ಹಿಂದೆಂದೂ ಹೆಚ್ಚು ಒತ್ತಡ ಕಾಣದ ಮೆತ್ತನೆಯ ಜೇಡಿಯನ್ನು ಕಾಯಿಸಿದರೆ, ಸಂದುಗಳಲ್ಲಿನ ನೀರು ಮಣ್ಣಿನ ಕಣಗಳಿಗಿಂತ ಹೆಚ್ಚು ಹಿಗ್ಗಿ ಹೊರಗೆ ಸರಿಯುತ್ತದೆ, ಮಣ್ಣು ಕುಗ್ಗಿ ಮತ್ತೆ ಮೊದಲಿನಂತಾಗುವುದಿಲ್ಲ. ಈ ಕುಗ್ಗುವಿಕೆ ಮೊದಲ ಆವರ್ತದಲ್ಲೇ ಹೆಚ್ಚು, ಆಮೇಲಾಮೇಲೆ ಕಡಿಮೆ. ಹಿಂದೆ ಗಟ್ಟಿಯಾಗಿ ಅದುಮಿಸಿಕೊಂಡ ಜೇಡಿಯಾದರೋ ಹಿಗ್ಗಿ, ತಣಿದಾಗ ಮೊದಲ ಸ್ಥಿತಿಗೆ ಬರುತ್ತದೆ. ಪ್ರತಿ ಬೇಸಿಗೆಯಲ್ಲೂ ಒಣಗಿ ಕೈ ತೂರುವಷ್ಟು ಬಿರಿಯುವ ಎರಿಮಣ್ಣಿನ ಮೇಲ್ಪದರವೂ ಲಂಡನ್ನಿನ ಜೇಡಿಯಂತೆ ಈ ಎರಡನೆಯ ಬಗೆಯದು: ಒಣಗುವುದೂ ಒಂದು ಬಗೆಯ ಅದುಮುವಿಕೆಯೇ. ಇನ್ನೊಂದು ಅನುಕೂಲವೂ ನಮಗಿದೆ. ಲಂಡನ್ನಿನಲ್ಲಿ ಚಳಿಗಾಲಕ್ಕೆ ನೆಲದಿಂದ ಶಾಖ ತೆಗೆಯುವುದರಿಂದ ಪೈಲು ಮೂಲ ಉಷ್ಣತೆಗಿಂತ ತಣ್ಣಗಾಗಿ ಎಳೆತಕ್ಕೆ ಸಿಲುಕಬಹುದು, ಕಾಂಕ್ರೀಟು ಎಳೆತದಲ್ಲಿ ದುರ್ಬಲ. ಇಲ್ಲಿ ವರ್ಷವಿಡೀ ಶಾಖ ತುಂಬುವುದೇ ಆದ್ದರಿಂದ ಆ ಭಯ ಹೆಚ್ಚುಕಡಿಮೆ ಇಲ್ಲ.

ಆದರೆ ತೊಂದರೆ ಹುಟ್ಟುವುದೂ ಅಲ್ಲೇ. ತುಂಬಿದ ಶಾಖವನ್ನು ಮರಳಿ ತೆಗೆಯುವ ಚಳಿಗಾಲ ನಮಗಿಲ್ಲ. ಬಿಸಿಯಾದ ಪೈಲಿನ ಸುತ್ತ ತೇವ ಆವಿಯಾಗಿ ತಣ್ಣನೆಯ ಕಡೆಗೆ ಸರಿಯುತ್ತದೆ. ತೇವ ಹೋದ ಎರಿ ಕುಗ್ಗಿ ಪೈಲಿನಿಂದ ಬಿಟ್ಟುಕೊಳ್ಳುತ್ತದೆ, ನೀರಿನ ಜಾಗಕ್ಕೆ ಗಾಳಿ ಬಂದು ಶಾಖ ಸಾಗಿಸುವ ಶಕ್ತಿಯೂ ಇಳಿಯುತ್ತದೆ. ಆಗ ಪೈಲು ಇನ್ನೂ ಬಿಸಿಯಾಗುತ್ತದೆ, ಮಣ್ಣು ಇನ್ನೂ ಒಣಗುತ್ತದೆ. ಭಾರ ಹೊರುವ ಘರ್ಷಣೆ, ಶಾಖ ಒಯ್ಯುವ ದಾರಿ ಎರಡೂ ಒಟ್ಟಿಗೆ ಸೊರಗುತ್ತವೆ. ಪೈಲಿನ ಬಹುಭಾಗ ಅಂತರ್ಜಲದ ಮಟ್ಟದ ಕೆಳಗಿದ್ದರೆ ಈ ಸರಪಳಿ ಶುರುವಾಗುವುದಿಲ್ಲ.

ಹಾಗಾಗಿ ಎರಿಮಣ್ಣಿಗೆಂದೇ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಪೈಲುಗಳಿಗೆ ಕೊಳವೆ ಕಟ್ಟಿದರೆ ಪ್ರಯೋಜನ ಕಡಿಮೆ. ಸಾಮಾನ್ಯವಾಗಿ ಮೂರ್ನಾಲ್ಕು ಮೀಟರ್ ಇಳಿಯುವ ಅವು, ಬೇಸಿಗೆಯಲ್ಲಿ ತಾನೇ ಕಾಯುವ, ತಾನೇ ಒಣಗುವ ಪದರದಲ್ಲಿ ನಿಂತಿರುತ್ತವೆ. ಆಳದ ಪೈಲಿದ್ದರೂ ಮೀಟರಿಗೆ 50 ವಾಟ್ ಹಿಡಿದರೆ 20 ಮೀಟರಿಗೆ ಸಿಗುವುದು ಒಂದು ಕಿಲೋವಾಟ್. ಒಂದು ಟನ್ ಏಸಿ ನೆಲಕ್ಕೆ ಬಿಡುವ ಶಾಖ ನಾಲ್ಕು ಕಿಲೋವಾಟಿಗೂ ಹೆಚ್ಚು, ಅಂದರೆ ನಾಲ್ಕೈದು ಪೈಲುಗಳ ಕೆಲಸ. ಡಿಸೆಂಬರ್, ಜನವರಿಯ ತಣ್ಣನೆಯ ರಾತ್ರಿಗಳಲ್ಲಿ ಕೊಳವೆಯ ನೀರನ್ನು ಚಾವಣಿಯ ಕೂಲಿಂಗ್ ಟವರಿನಲ್ಲಿ ಹಾಯಿಸಿ ನೆಲದ ಶಾಖವನ್ನು ಆಕಾಶಕ್ಕೆ ಬಿಟ್ಟರೆ ವರ್ಷದ ಲೆಕ್ಕವನ್ನು ಸರಿದೂಗಿಸಬಹುದು. ಸರಿದೂಗಿತೋ ಇಲ್ಲವೋ ತಿಳಿಯಲು ನೆಲದಿಂದ ಮರಳುವ ನೀರಿಗೊಂದು ಥರ್ಮಾಮೀಟರ್ ಸಾಕು. ಏಸಿ ಅಷ್ಟೇ ಓಡುತ್ತಿದ್ದರೂ ಈ ವರ್ಷದ ಮೇ ತಿಂಗಳಿನ ಅಂಕಿ ಹೋದ ಮೇ ತಿಂಗಳಿಗಿಂತ ಮೇಲೇರಿದ್ದರೆ ಪೈಲಿನ ಸುತ್ತ ಶಾಖ ಕೂಡಿಕೊಳ್ಳುತ್ತಿದೆ ಎಂದರ್ಥ.