ವರ್ಷದ ಸಂಬಳ ಎಂದರೆ ಹನ್ನೆರಡು ಪಟ್ಟು ಅಲ್ಲ

ಗೃಹಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಕೇಳುವ ಕಾಗದಗಳಲ್ಲಿ ಸ್ಯಾಲರಿ ಸರ್ಟಿಫಿಕೇಟ್ ಕೂಡ ಒಂದು. ನಮ್ಮಲ್ಲಿ ಬಹಳ ಮಂದಿ ಅದಕ್ಕಾಗಿ ಎಚ್‌ಆರ್ ವಿಭಾಗಕ್ಕೆ ಒಂದೇ ಸಾಲಿನ ಮೇಲ್ ಕಳಿಸುತ್ತಾರೆ: "ಸ್ಯಾಲರಿ ಸರ್ಟಿಫಿಕೇಟ್ ಬೇಕಿತ್ತು, ದಯವಿಟ್ಟು ಕೊಡಿ." ಎಚ್‌ಆರ್‌ನವರು ಈ ತಿಂಗಳ ಸಂಬಳವನ್ನು ತೆಗೆದು, ಹನ್ನೆರಡರಿಂದ ಗುಣಿಸಿ, ಸೀಲು ಹಾಕಿ ಕೊಟ್ಟುಬಿಡುತ್ತಾರೆ. ಅದನ್ನು ಫಾರ್ಮ್ 16ರ ಪಕ್ಕ ಇಟ್ಟು ನೋಡಿದ ಬ್ಯಾಂಕಿನವರು, ಎರಡರ ಲೆಕ್ಕ ಹೊಂದುತ್ತಿಲ್ಲ ಎಂದು ಕಡತವನ್ನು ಬದಿಗಿಡುತ್ತಾರೆ.

ಹೀಗಾಗುವುದು ಹೇಗೆಂದು ಒಂದು ಉದಾಹರಣೆಯಲ್ಲೇ ನೋಡೋಣ. ಪೀಣ್ಯದ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಒಬ್ಬ ಮಹಿಳೆ ಕೆಲಸ ಮಾಡುತ್ತಾರೆ ಎಂದಿಟ್ಟುಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಅವರ ಬೇಸಿಕ್ 25,000 ರೂಪಾಯಿ, ಮನೆ ಬಾಡಿಗೆ ಭತ್ಯೆ 10,000, ವಿಶೇಷ ಭತ್ಯೆ 15,000. ಒಟ್ಟು 50,000. ಅಕ್ಟೋಬರ್‌ನಲ್ಲಿ ಇನ್‌ಕ್ರಿಮೆಂಟ್ ಆಗಿ ಬೇಸಿಕ್ 28,000ಕ್ಕೆ, ಬಾಡಿಗೆ ಭತ್ಯೆ 11,200ಕ್ಕೆ, ವಿಶೇಷ ಭತ್ಯೆ 16,800ಕ್ಕೆ ಏರಿತು. ಈಗ ಒಟ್ಟು 56,000. ನವೆಂಬರ್‌ನಲ್ಲಿ 20,000 ರೂಪಾಯಿ ಬೋನಸ್ ಕೂಡ ಬಂತು.

2026ರ ಮಾರ್ಚ್ ಮುಗಿದ ಮೇಲೆ ಎಚ್‌ಆರ್ ಕೊಟ್ಟ ಸರ್ಟಿಫಿಕೇಟ್‌ನಲ್ಲಿ ವಾರ್ಷಿಕ ಸಂಬಳ 6,72,000 ಎಂದಿತ್ತು. ಅಂದರೆ 56,000ದ ಹನ್ನೆರಡು ಪಟ್ಟು. ನಿಜವಾಗಿ ಆ ವರ್ಷ ಅವರು ಗಳಿಸಿದ್ದು ಮೊದಲ ಆರು ತಿಂಗಳಿಗೆ 3,00,000, ನಂತರದ ಆರು ತಿಂಗಳಿಗೆ 3,36,000, ಮೇಲೆ ಬೋನಸ್ 20,000. ಒಟ್ಟು 6,56,000. ಫಾರ್ಮ್ 16ರಲ್ಲಿ ಬರುವುದೂ ಇದೇ ಮೊತ್ತ, ಏಕೆಂದರೆ ಅದು ಆ ವರ್ಷಕ್ಕೆ ನಿಜವಾಗಿ ಸಂದ ಸಂಬಳದ ಲೆಕ್ಕ. 16,000 ರೂಪಾಯಿ ವ್ಯತ್ಯಾಸ ನೋಡಿದರೆ ಸಾಲದ ಅಧಿಕಾರಿಗೆ ಇನ್‌ಕ್ರಿಮೆಂಟಿನ ನೆನಪಾಗುವುದಿಲ್ಲ, ಅನುಮಾನ ಬರುತ್ತದೆ. ಅವರನ್ನು ದೂರುವಂತಿಲ್ಲ. ಸಂಬಳ ಹೆಚ್ಚು ತೋರಿಸಿದ ನಕಲಿ ಕಾಗದವನ್ನು ಗುರುತಿಸುವುದೂ ಅವರ ಕೆಲಸದ ಭಾಗವೇ.

ಕಡಿತದ ಅಂಕಣದಲ್ಲೂ ಇದೇ ಗುಣಾಕಾರದ ತಪ್ಪು ನುಸುಳುತ್ತದೆ. ಈ ಕಾರ್ಖಾನೆಯಲ್ಲಿ ಪೂರ್ತಿ ಬೇಸಿಕ್ ಮೇಲೆ ಶೇ 12ರಷ್ಟು ಪಿಎಫ್ ಹಿಡಿಯುತ್ತಾರೆ. ಹಾಗಾಗಿ ಮೊದಲರ್ಧದಲ್ಲಿ ತಿಂಗಳಿಗೆ 3,000, ಆಮೇಲೆ 3,360, ವರ್ಷಕ್ಕೆ 38,160. ಹನ್ನೆರಡರಿಂದ ಗುಣಿಸಿದರೆ ಮಾತ್ರ ಅದು 40,320 ಎಂದು ಬರುತ್ತದೆ. (ಕೆಲವು ಕಂಪನಿಗಳು 15,000 ರೂಪಾಯಿಯ ಮಿತಿಗಷ್ಟೇ ಪಿಎಫ್ ಲೆಕ್ಕ ಹಾಕುತ್ತವೆ. ಅಲ್ಲಿ ಇನ್‌ಕ್ರಿಮೆಂಟ್ ಆದರೂ ಕಡಿತ ತಿಂಗಳಿಗೆ 1,800ರಲ್ಲೇ ನಿಲ್ಲುತ್ತದೆ.) ವೃತ್ತಿ ತೆರಿಗೆಯದು ಇನ್ನೂ ಸಣ್ಣ ವಿಷಯ, ಆದರೆ ಯಾರ ಕಣ್ಣಿಗೂ ಬೀಳದೆ ಉಳಿಯುವಂಥದ್ದು. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಿಂದ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ಹನ್ನೊಂದು ತಿಂಗಳು 200 ರೂಪಾಯಿ, ಫೆಬ್ರವರಿಯಲ್ಲಿ 300 ರೂಪಾಯಿ ಹಿಡಿಯುತ್ತಾರೆ. ವರ್ಷಕ್ಕೆ 2,500. ಸರ್ಟಿಫಿಕೇಟ್‌ನಲ್ಲಿ 2,400 ಎಂದಿದ್ದರೆ, ಅದನ್ನು ಪೇಸ್ಲಿಪ್‌ಗಳಿಂದ ಕೂಡಿಸಿಲ್ಲ, ಗುಣಿಸಿ ಬರೆದಿದ್ದಾರೆ ಎಂದು ತಕ್ಷಣ ತಿಳಿಯಬಹುದು.

ಇನ್ನೊಂದು ತಪ್ಪು ಸಿಟಿಸಿಯದು. ಆಫರ್ ಲೆಟರ್‌ನಲ್ಲಿ ಕಂಪನಿ ತನ್ನ ಪಾಲಿನ ಪಿಎಫ್ 3,360, ಗ್ರಾಚ್ಯುಟಿಗೆಂದು ಬೇಸಿಕ್‌ನ ಶೇ 4.81 ಅಂದರೆ ಸುಮಾರು 1,347 ರೂಪಾಯಿ ಸೇರಿಸಿ ತಿಂಗಳಿಗೆ 60,707 ಎಂದು ತೋರಿಸಿರುತ್ತದೆ. ಇದು ಕಂಪನಿಗೆ ಬೀಳುವ ಖರ್ಚೇ ಹೊರತು ಉದ್ಯೋಗಿಯ ತಿಂಗಳ ಸಂಬಳವಲ್ಲ. ಬ್ಯಾಂಕಿಗೆ ಬೇಕಾದದ್ದು ಭತ್ಯೆಗಳೆಲ್ಲ ಸೇರಿದ ಒಟ್ಟು ಸಂಬಳ ಮತ್ತು ಕಡಿತ ಕಳೆದು ಖಾತೆಗೆ ಬೀಳುವ ಮೊತ್ತ. ಈ ಮಹಿಳೆಯ ವಿಷಯದಲ್ಲಿ ಅದು ಸೆಪ್ಟೆಂಬರ್‌ವರೆಗೆ 46,800, ಅಕ್ಟೋಬರ್‌ನಿಂದ 52,440, ಫೆಬ್ರವರಿಯಲ್ಲಿ ಮಾತ್ರ 52,340. ಹೊಸ ತೆರಿಗೆ ಪದ್ಧತಿಯಲ್ಲಿ ಈ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಬೀಳದ ಕಾರಣ ಟಿಡಿಎಸ್ ಸೊನ್ನೆ.

ತಿದ್ದುಪಡಿ ಕೇಳುವಾಗ "ನಿಮ್ಮ ಲೆಕ್ಕ ತಪ್ಪಾಗಿದೆ, ಸರಿಮಾಡಿ" ಎಂದಷ್ಟೇ ಬರೆದರೆ ಎಚ್‌ಆರ್‌ನವರಿಗೆ ಎಲ್ಲಿ ನೋಡಬೇಕೆಂಬುದೇ ಗೊತ್ತಾಗುವುದಿಲ್ಲ. ಯಾವ ಅವಧಿ, ಯಾವ ಅಂಕಿ, ಯಾವ ದಾಖಲೆಯ ಆಧಾರ ಎಂಬ ಮೂರೂ ಪತ್ರದಲ್ಲೇ ಇರಬೇಕು. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

ವಿಷಯ: 2025-26ರ ಸ್ಯಾಲರಿ ಸರ್ಟಿಫಿಕೇಟ್‌ನ ತಿದ್ದುಪಡಿ ಕೋರಿ

ಮಾನ್ಯರೇ,

ಗೃಹಸಾಲದ ಸಲುವಾಗಿ ತಾವು ನೀಡಿದ ಸ್ಯಾಲರಿ ಸರ್ಟಿಫಿಕೇಟ್‌ಗಾಗಿ ಧನ್ಯವಾದಗಳು. ಅದರಲ್ಲಿ ವಾರ್ಷಿಕ ಒಟ್ಟು ಸಂಬಳ ರೂ. 6,72,000 ಎಂದಿದೆ. ನನ್ನ ಸಂಬಳ 2025ರ ಅಕ್ಟೋಬರ್‌ನಿಂದ ಪರಿಷ್ಕರಣೆಗೊಂಡಿರುವುದರಿಂದ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪೇಸ್ಲಿಪ್‌ಗಳ ಪ್ರಕಾರ ಇದು ಬೋನಸ್ ರೂ. 20,000 ಸೇರಿ ರೂ. 6,56,000 ಆಗುತ್ತದೆ. ವಾರ್ಷಿಕ ಪಿಎಫ್ ಕಡಿತ ರೂ. 38,160, ವೃತ್ತಿ ತೆರಿಗೆ ರೂ. 2,500.

ದಯವಿಟ್ಟು ಬೇಸಿಕ್, ಮನೆ ಬಾಡಿಗೆ ಭತ್ಯೆ ಮತ್ತು ವಿಶೇಷ ಭತ್ಯೆಯನ್ನು ಪರಿಷ್ಕರಣೆಯ ಹಿಂದಿನ ಹಾಗೂ ನಂತರದ ದರಗಳಲ್ಲಿ ಬೇರೆ ಬೇರೆಯಾಗಿ ತೋರಿಸಿ, ವಾರ್ಷಿಕ ಮೊತ್ತವನ್ನು ವಾಸ್ತವವಾಗಿ ಪಾವತಿಸಿದಂತೆ ನಮೂದಿಸಿ ಕೊಡಬೇಕಾಗಿ ಕೋರುತ್ತೇನೆ. ಕಂಪನಿಯ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಒಟ್ಟು ಸಂಬಳದಲ್ಲಿ ಸೇರಿಸುವುದು ಬೇಡ. ಹನ್ನೆರಡು ಪೇಸ್ಲಿಪ್‌ಗಳನ್ನು ಲಗತ್ತಿಸಿದ್ದೇನೆ. ಬ್ಯಾಂಕಿಗೆ ಸಲ್ಲಿಸಲು ಬರುವ ಶುಕ್ರವಾರದೊಳಗೆ ಸಿಕ್ಕರೆ ಉಪಕಾರವಾಗುತ್ತದೆ.

ಕೆಳಗೆ ಹೆಸರು, ಉದ್ಯೋಗಿ ಸಂಖ್ಯೆ, ಹುದ್ದೆ, ಕೆಲಸಕ್ಕೆ ಸೇರಿದ ದಿನಾಂಕ. ಯಾವ ಬ್ಯಾಂಕಿನ ಯಾವ ಶಾಖೆಗೆ ಎಂಬುದನ್ನೂ ಬರೆದರೆ ಸರ್ಟಿಫಿಕೇಟ್ ನೇರವಾಗಿ ಆ ಶಾಖೆಯ ವಿಳಾಸಕ್ಕೇ ಬರುತ್ತದೆ.

ಈ ಪತ್ರದಲ್ಲಿ ನಾನು ಮುಖ್ಯ ಎಂದುಕೊಳ್ಳುವುದು "ವಾಸ್ತವವಾಗಿ ಪಾವತಿಸಿದಂತೆ" ಎಂಬ ಮಾತನ್ನು. ಅದಿಲ್ಲದಿದ್ದರೆ ಈಗಿನ ದರದ ಗುಣಾಕಾರವೇ ಮತ್ತೆ ಬರುತ್ತದೆ. ಈಗಿನ 56,000ವೂ ಬ್ಯಾಂಕಿಗೆ ಬೇಕು, ಏಕೆಂದರೆ ಮುಂದಿನ ಕಂತುಗಳನ್ನು ಕಟ್ಟುವುದು ಆ ಸಂಬಳದಿಂದಲೇ. ಆದ್ದರಿಂದ ಎರಡೂ ಇರಲಿ, ಆದರೆ ಬೇರೆ ಬೇರೆ ಸಾಲಿನಲ್ಲಿ, ಬೇರೆ ಬೇರೆ ಹೆಸರಿನಲ್ಲಿ. ಕೆಲವರು ಗುಣಾಕಾರದ ಹೆಚ್ಚಿನ ಮೊತ್ತವೇ ಸಾಲಕ್ಕೆ ಒಳ್ಳೆಯದೆಂದು ಸುಮ್ಮನಾಗುತ್ತಾರೆ. ಇದು ತಪ್ಪು ಮಾತ್ರವಲ್ಲ, ಅಪಾಯವೂ ಹೌದು. ಫಾರ್ಮ್ 16 ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಅದೇ ಕಡತದಲ್ಲಿರುತ್ತವೆ.

ಹೊಸ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ವರ್ಷದ ಒಟ್ಟು ಮೊತ್ತದಿಂದ ಕಡಿತಗಳನ್ನು ಕಳೆದು ನೋಡಿ. 6,56,000ದಿಂದ 38,160 ಮತ್ತು 2,500 ಕಳೆದರೆ 6,15,340. ಬ್ಯಾಂಕ್ ಖಾತೆಗೆ ಬಂದ ಹನ್ನೆರಡು ಸಂಬಳ ಮತ್ತು ಬೋನಸ್ ಕೂಡಿದರೂ ಇಷ್ಟೇ ಬರಬೇಕು. ಮಾರ್ಚ್ ಸಂಬಳ ಏಪ್ರಿಲ್‌ನಲ್ಲಿ ಜಮಾ ಆಗುವ ಕಂಪನಿಯಾದರೆ ಒಂದು ತಿಂಗಳು ಮುಂದಕ್ಕೆ ಸರಿಸಿ ಕೂಡಿಸಬೇಕು. ಸಂಬಳವಿಲ್ಲದ ರಜೆ ಹಾಕಿದ್ದರೆ ಆ ತಿಂಗಳ ಸಂಬಳವೇ ಕಡಿಮೆ ಇರುತ್ತದೆ, ಅದು ಸರ್ಟಿಫಿಕೇಟ್‌ನಲ್ಲೂ ಕಾಣಬೇಕು.

"ನಮ್ಮ ಸಾಫ್ಟ್‌ವೇರ್‌ನಲ್ಲಿ ಒಂದೇ ನಮೂನೆ, ಬದಲಿಸಲು ಬರುವುದಿಲ್ಲ" ಎಂದು ಎಚ್‌ಆರ್ ಹೇಳುವುದೂ ಉಂಟು. ಆಗ ಅದೇ ಸರ್ಟಿಫಿಕೇಟ್‌ಗೆ ಅನುಬಂಧವಾಗಿ, ಕಂಪನಿಯ ಲೆಟರ್‌ಹೆಡ್ ಮೇಲೆ ಹನ್ನೆರಡು ತಿಂಗಳ ಸಂಬಳ ಮತ್ತು ಕಡಿತದ ಪಟ್ಟಿಯನ್ನು ಸಹಿ, ಸೀಲು, ದಿನಾಂಕ ಸಮೇತ ಕೇಳಿ. ಸಂಬಳದ ಪಟ್ಟಿ ಪೇರೋಲ್‌ನಲ್ಲಿ ಹೇಗೂ ಇರುತ್ತದೆ. ಇನ್‌ಕ್ರಿಮೆಂಟ್ ಯಾವ ತಿಂಗಳಲ್ಲಾಯಿತು, ಬೋನಸ್ ಯಾವಾಗ ಬಂತು ಎಂಬುದು ಆ ಪಟ್ಟಿಯಲ್ಲೇ ಕಾಣುವುದರಿಂದ ಬ್ಯಾಂಕಿನವರು ಮತ್ತೆ ಪ್ರಶ್ನೆ ಕೇಳುವ ಸಂದರ್ಭ ಬರುವುದು ಕಡಿಮೆ.