ಅರುಂಧತಿ ಎಷ್ಟು ಪಟ್ಟು ಮಸುಕು?

ಮದುವೆ ಮನೆಯಲ್ಲಿ ಪುರೋಹಿತರು ಹೊಸ ದಂಪತಿಯನ್ನು ಅಂಗಳಕ್ಕೆ ಕರೆದೊಯ್ದು ಅರುಂಧತಿ ನಕ್ಷತ್ರ ತೋರಿಸುವುದನ್ನು ನೀವು ನೋಡಿರಬಹುದು. ಮುಹೂರ್ತ ಹಗಲಿನದಾದರೆ ಹಗಲಲ್ಲೇ ತೋರಿಸುತ್ತಾರೆ. ದಂಪತಿ ‘ಕಂಡಿತು’ ಎಂದು ತಲೆಯಾಡಿಸಿ ಒಳಗೆ ಬರುತ್ತಾರೆ! ನಿಜವಾಗಿ ನೋಡಬೇಕೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ನಂತರ ಉತ್ತರಕ್ಕೆ ಮುಖ ಮಾಡಿ ನಿಲ್ಲಬೇಕು. ಸೌಟಿನ ಆಕಾರದ ಸಪ್ತರ್ಷಿ ಮಂಡಲ ಕಾಣುತ್ತದೆ. ಸೌಟಿನ ಹಿಡಿಯ ತುದಿಯಲ್ಲಿರುವವನು ಮರೀಚಿ. ಅವನ ಪಕ್ಕದವನು ವಸಿಷ್ಠ. ವಸಿಷ್ಠನಿಗೆ ಅಂಟಿಕೊಂಡಂತೆ ಮಿನುಗುವ ಪುಟ್ಟ ಚುಕ್ಕೆಯೇ ಅರುಂಧತಿ.

ನಕ್ಷತ್ರಗಳ ಪಟ್ಟಿಯನ್ನು ತೆರೆದರೆ ವಸಿಷ್ಠನ ಮುಂದೆ 2 ಎಂದೂ ಅರುಂಧತಿಯ ಮುಂದೆ 4 ಎಂದೂ ಬರೆದಿರುತ್ತದೆ. ಇದಕ್ಕೆ ಕಾಂತಿಮಾನ ಎಂದು ಹೆಸರು; ಇಂಗ್ಲಿಷಿನವರು ಮ್ಯಾಗ್ನಿಟ್ಯೂಡ್ ಎನ್ನುತ್ತಾರೆ. ನಾನು ಗಣಿತದ ಮೇಷ್ಟ್ರಾಗಿದ್ದಾಗ ತರಗತಿಯಲ್ಲಿ ಇದನ್ನು ಕರಿಹಲಗೆಯ ಮೇಲೆ ಬರೆದು, “ಯಾರು ಹೆಚ್ಚು ಪ್ರಕಾಶ? ಎಷ್ಟು ಪಟ್ಟು?” ಎಂದು ಕೇಳುತ್ತಿದ್ದೆ. ಇಡೀ ತರಗತಿ ಒಂದೇ ದನಿಯಲ್ಲಿ, “ಅರುಂಧತಿ ಸಾರ್, ಎರಡು ಪಟ್ಟು!” ಎನ್ನುತ್ತಿತ್ತು. ಆದರೆ ಆಕಾಶ ನೋಡಿದರೆ ಎದ್ದು ಕಾಣುವವನು ವಸಿಷ್ಠ. ಅವನು ಹೆಚ್ಚಾಗಿರುವುದು ಎರಡು ಪಟ್ಟೂ ಅಲ್ಲ, ಆರು ಪಟ್ಟಿಗೂ ಮಿಗಿಲು. ಇದು ಹೇಗೆ?

ಈ ಸಂಖ್ಯೆಗಳು ಮೊದಲು ಅಳತೆಗಳಾಗಿರಲಿಲ್ಲ, ತರಗತಿಯ ರ‍್ಯಾಂಕಿನಂತೆ ಇದ್ದವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಖಗೋಳಜ್ಞರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ವರ್ಗ ಮಾಡಿದರು. ತುಂಬ ಪ್ರಕಾಶದವು ಒಂದನೆಯ ವರ್ಗ. ಕತ್ತಲ ರಾತ್ರಿಯಲ್ಲಿ ಕಷ್ಟಪಟ್ಟು ಕಾಣುವವು ಆರನೆಯ ವರ್ಗ. ಟಾಲೆಮಿಯ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿಗೆ ಇಂಥ ವರ್ಗ ಕೊಟ್ಟಿದೆ. ಒಂದನೇ ರ‍್ಯಾಂಕಿನವನೇ ಮುಂದೆ ಅಲ್ಲವೇ? ಆದ್ದರಿಂದಲೇ ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು.

ಆ ಹಿರಿಯರ ಬಳಿ ಬೆಳಕು ಅಳೆಯುವ ಉಪಕರಣ ಇರಲಿಲ್ಲ, ಕಣ್ಣು ಮಾತ್ರ ಇತ್ತು. ಕಣ್ಣಿನ ಸ್ವಭಾವ ವಿಚಿತ್ರ. ಕತ್ತಲ ಕೋಣೆಯಲ್ಲಿ ಒಂದು ಹಣತೆ ಉರಿಯುತ್ತಿರುವಾಗ ಇನ್ನೊಂದನ್ನು ಹಚ್ಚಿದರೆ ಬೆಳಕು ಹೆಚ್ಚಿದ್ದು ತಟ್ಟನೆ ಗೊತ್ತಾಗುತ್ತದೆ. ಐವತ್ತು ಹಣತೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿದರೆ ಗೊತ್ತೇ ಆಗುವುದಿಲ್ಲ. ಎರಡು ಸಲವೂ ಸೇರಿಸಿದ್ದು ಒಂದೇ ಹಣತೆ. ಹಾಗಾದರೆ ಕಣ್ಣು ಗಮನಿಸುವುದು ‘ಎಷ್ಟು ಸೇರಿತು’ ಎಂಬುದನ್ನಲ್ಲ, ಹೆಚ್ಚುಕಡಿಮೆ ‘ಎಷ್ಟು ಪಟ್ಟಾಯಿತು’ ಎಂಬುದನ್ನು. ಆದ್ದರಿಂದ ಕಣ್ಣಿಗೆ ಸಮಸಮನಾಗಿ ತೋರಿದ ಆರು ಮೆಟ್ಟಿಲುಗಳಲ್ಲಿ ಪ್ರತಿ ಮೆಟ್ಟಿಲಿಗೂ ಬೆಳಕು ಇಷ್ಟು ಪಟ್ಟು ಎಂದು ಗುಣಿಸಿಕೊಂಡು ಹೋಗಿತ್ತು.

ಮುಂದೆ ಬೆಳಕನ್ನು ಅಳೆಯಲು ಕಲಿತಾಗ, ಒಂದನೆಯ ವರ್ಗದ ನಕ್ಷತ್ರ ಆರನೆಯ ವರ್ಗದ್ದಕ್ಕಿಂತ ಸುಮಾರು ನೂರು ಪಟ್ಟು ಬೆಳಕು ಕೊಡುತ್ತದೆ ಎಂದು ತಿಳಿಯಿತು. 1856ರಲ್ಲಿ ನಾರ್ಮನ್ ಪಾಗ್ಸನ್ ಎಂಬ ಇಂಗ್ಲಿಷ್ ಖಗೋಳಜ್ಞ ಒಂದು ಸಲಹೆ ಮಾಡಿದ: ಐದು ಮೆಟ್ಟಿಲಿನ ಅಂತರವೆಂದರೆ ಸರಿಯಾಗಿ ನೂರು ಪಟ್ಟು ಎಂದೇ ಇಟ್ಟುಕೊಳ್ಳೋಣ. ಈ ಪಾಗ್ಸನ್ 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಮುಖ್ಯಸ್ಥನಾಗಿ ಬಂದು, 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ದುಡಿದ. ಆ ವೀಕ್ಷಣಾಲಯದ ಕೆಲಸ ಆಮೇಲೆ ಕೊಡೈಕೆನಾಲ್‌ಗೆ ಹೋಯಿತು. ಇಂದು ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ಸಂಸ್ಥೆ ಅದೇ ಪರಂಪರೆಯದು.

ಐದು ಮೆಟ್ಟಿಲಿಗೆ ನೂರು ಪಟ್ಟಾದರೆ ಒಂದು ಮೆಟ್ಟಿಲಿಗೆ ಎಷ್ಟು? ನೂರನ್ನು ಐದರಿಂದ ಭಾಗಿಸಿ ಇಪ್ಪತ್ತು ಎನ್ನಬೇಡಿ. ಯಾವ ಸಂಖ್ಯೆಯನ್ನು ಐದು ಸಲ ಬರೆದು ಗುಣಿಸಿದರೆ ನೂರು ಬರುತ್ತದೆ ಎಂದು ಹುಡುಕಬೇಕು. 2 ಹಾಕಿದರೆ 32, ಸಾಲದು. 3 ಹಾಕಿದರೆ 243, ಅತಿಯಾಯಿತು. 2.5 ಹಾಕಿದರೆ 97.7, ಹತ್ತಿರ ಬಂತು. ಸರಿಯಾದ ಉತ್ತರ 2.512. ನಮಗೆ ಎರಡೂವರೆ ಸಾಕು.

ಇನ್ನು ಒಂದು ಪುಟ್ಟ ಮಗ್ಗಿ. ಎಡಗಡೆ ಇರುವುದು ಎರಡು ನಕ್ಷತ್ರಗಳ ಕಾಂತಿಮಾನಗಳ ವ್ಯತ್ಯಾಸ; ಬಲಗಡೆ ಇರುವುದು ಬೆಳಕು ಎಷ್ಟು ಪಟ್ಟು ಎಂಬುದು.

ಅರ್ಧ – 1.6 ಪಟ್ಟು
1 – 2.5 ಪಟ್ಟು
2 – 6.3 ಪಟ್ಟು
3 – 16 ಪಟ್ಟು
4 – 40 ಪಟ್ಟು
5 – 100 ಪಟ್ಟು

ಎಡಗಡೆ ಕೂಡುತ್ತಾ ಹೋದಂತೆ ಬಲಗಡೆ ಗುಣಿಸುತ್ತಾ ಹೋಗುತ್ತದೆ. ಒಂದೂವರೆ ಬೇಕಾದರೆ ಒಂದರ ಸಾಲನ್ನೂ ಅರ್ಧದ ಸಾಲನ್ನೂ ಗುಣಿಸಿ: 2.5 × 1.6 = 4 ಪಟ್ಟು. ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಈ ಉಪಾಯಕ್ಕೇ ಲಾಗರಿದಮ್ ಎಂದು ಹೆಸರು. ಅಜ್ಜಂದಿರು ಕಾಲೇಜಿನಲ್ಲಿ ಲಾಗ್ ಟೇಬಲ್ ಪುಸ್ತಕ ತಿರುವಿ ಹಾಕಿದ್ದು ನೆನಪಿರಬೇಕು. ಅದರ ಕೆಲಸವೂ ಇದೇ.

ಈಗ ಅರುಂಧತಿಯ ಲೆಕ್ಕ ಸುಲಭ. ನಾಲ್ಕರಲ್ಲಿ ಎರಡು ಕಳೆದರೆ ಎರಡು. ಎರಡಕ್ಕೆ 6.3 ಪಟ್ಟು. ಆರು ಅರುಂಧತಿಯರನ್ನು ಒಂದೇ ಕಡೆ ಸೇರಿಸಿದರೂ ಒಬ್ಬ ವಸಿಷ್ಠನ ಬೆಳಕಿಗೆ ತುಸು ಕಡಿಮೆಯೇ. ನೆನಪಿಡಿ: ಕಾಂತಿಮಾನಗಳನ್ನು ಕಳೆಯಬೇಕು, ಭಾಗಿಸಬಾರದು. ಭಾಗಿಸಿದರೆ ಎಡವಟ್ಟಾಗುತ್ತದೆ ಎಂಬುದು ಲುಬ್ಧಕ ನಕ್ಷತ್ರದ ಹತ್ತಿರ ಬಂದಾಗ ಚೆನ್ನಾಗಿ ಗೊತ್ತಾಗುತ್ತದೆ. ಇರುಳಿನ ನಕ್ಷತ್ರಗಳಲ್ಲೆಲ್ಲ ಹೆಚ್ಚು ಪ್ರಕಾಶದ ಲುಬ್ಧಕನ ಕಾಂತಿಮಾನ ಸೊನ್ನೆಗಿಂತಲೂ ಕೆಳಗೆ, ಸುಮಾರು –1.5. ಧ್ರುವ ನಕ್ಷತ್ರದ್ದು 2. ಭಾಗಿಸಿದರೆ ಅರ್ಥವಿಲ್ಲದ ಋಣ ಸಂಖ್ಯೆ ಬರುತ್ತದೆ. ಕಳೆದರೆ ವ್ಯತ್ಯಾಸ ಮೂರೂವರೆ. 16 × 1.6, ಅಂದರೆ ಸುಮಾರು 25 ಪಟ್ಟು. ಧ್ರುವನೇ ಆಕಾಶದಲ್ಲಿ ಎಲ್ಲಕ್ಕಿಂತ ಪ್ರಕಾಶಮಾನ ಎಂದು ನಂಬಿದವರಿಗೆ ಈ ಲೆಕ್ಕ ತೋರಿಸಿ.

ಇದೆಲ್ಲ ನಮ್ಮ ಕಣ್ಣಿಗೆ ಬಂದು ಸೇರುವ ಬೆಳಕಿನ ಲೆಕ್ಕ ಎಂಬುದನ್ನು ಮರೆಯಬೇಡಿ. ಲುಬ್ಧಕ ನಮಗೆ ತೀರ ಹತ್ತಿರ, ಧ್ರುವ ಅದಕ್ಕಿಂತ ಸುಮಾರು ಐವತ್ತು ಪಟ್ಟು ದೂರ. ಇಬ್ಬರನ್ನೂ ಒಂದೇ ದೂರದಲ್ಲಿ ಇಟ್ಟರೆ ಗೆಲ್ಲುವವನು ಧ್ರುವನೇ. ವಸಿಷ್ಠ-ಅರುಂಧತಿಯರಲ್ಲಿ ಈ ತಕರಾರಿಲ್ಲ. ಇಬ್ಬರೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ, ಸುಮಾರು 80 ಜ್ಯೋತಿರ್ವರ್ಷ ಆಚೆ ಇದ್ದಾರೆ.

ಈ ಲೆಕ್ಕದಿಂದ ಪರೀಕ್ಷೆಯ ಅಂಕವಲ್ಲದೆ ಬೇರೇನು ಸಿಗುತ್ತದೆ ಎಂದು ಕೇಳುವಿರಾದರೆ, ನಮ್ಮ ಬೀದಿಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಅರುಂಧತಿ ಕಾಣದವರಿಗೆ ಆಯುಷ್ಯ ಮುಗಿಯುತ್ತ ಬಂತು ಎಂಬ ಹಳೆಯ ನಂಬಿಕೆಯೊಂದಿದೆ. ಹಳ್ಳಿಯಿಂದ ಮಗನ ಮನೆಗೆ ಬಂದ ಆ ಅಜ್ಜಿ ಒಂದು ರಾತ್ರಿ ತಾರಸಿಯ ಮೇಲೆ ನಿಂತು, “ಮೇಷ್ಟ್ರೇ, ಊರಲ್ಲಿದ್ದಾಗ ದಿನಾ ಕಾಣ್ತಿದ್ಲು. ಇಲ್ಲಿ ವಸಿಷ್ಠ ಒಬ್ನೇ ಇದಾನೆ. ನನ್ನ ಕಾಲ ಬಂತೇನೋ” ಎಂದರು. ಮಾತು ತಮಾಷೆಯಂತಿದ್ದರೂ ಮುಖದಲ್ಲಿ ತಮಾಷೆ ಇರಲಿಲ್ಲ.

ನಾನು ಅವರ ಮೊಮ್ಮಗಳನ್ನು ಕರೆದು ಸೌಟಿನ ಹಿಡಿ ಬಟ್ಟಲಿಗೆ ಸೇರುವ ಜಾಗದಲ್ಲಿರುವ ಅತ್ರಿಯನ್ನು ಹುಡುಕಲು ಹೇಳಿದೆ. ಏಳು ಋಷಿಗಳಲ್ಲಿ ಅತ್ಯಂತ ಮಸುಕಾದವನು ಅವನೇ, ಕಾಂತಿಮಾನ 3.3. ಆಕೆ ಬಹಳ ಹೊತ್ತು ದಿಟ್ಟಿಸಿ, “ಇದೆಯೋ ಇಲ್ಲವೋ ಅನ್ನೋ ಹಾಗೆ ಕಾಣ್ತಿದೆ ತಾತ” ಎಂದಳು. ಅಂದರೆ ಆ ರಾತ್ರಿ, ಬೀದಿದೀಪಗಳ ನಡುವಿನ ಆ ತಾರಸಿಯಿಂದ, ಎಳೆಯ ಕಣ್ಣಿಗೂ ಕಾಣುವ ಮಿತಿ ಸುಮಾರು ಮೂರೂವರೆ. ಅರುಂಧತಿಯದು 4, ಮಿತಿಯಿಂದ ಅರ್ಧ ಮೆಟ್ಟಿಲು ಕೆಳಗೆ. ಇನ್ನು 1.6 ಪಟ್ಟು ಬೆಳಗಿದ್ದರೆ ಮಾತ್ರ ಕಂಡಾಳು. ವಸಿಷ್ಠನೋ ಮಿತಿಗಿಂತ ಒಂದೂವರೆ ಮೆಟ್ಟಿಲು ಮೇಲೆ, ನಾಲ್ಕು ಪಟ್ಟು ಬೆಳಕು, ಅವನಿಗೆ ತೊಂದರೆಯಿಲ್ಲ. ಊರಿನ ಕತ್ತಲಲ್ಲಿ ಮಿತಿ 6ರ ಹತ್ತಿರ ಇರುತ್ತದೆ. ಅಲ್ಲಿ ಅರುಂಧತಿ ಮಿತಿಗಿಂತ ಎರಡು ಮೆಟ್ಟಿಲು ಮೇಲೆ, 6.3 ಪಟ್ಟು ಬೆಳಕಿನಿಂದ ಮೆರೆಯುತ್ತಾಳೆ. ಮೊಮ್ಮಗಳು, “ಅಜ್ಜಿ, ನಂಗೂ ಅರುಂಧತಿ ಕಾಣ್ತಿಲ್ಲ” ಎಂದಾಗ ಅಜ್ಜಿ ನಕ್ಕುಬಿಟ್ಟರು. ತಪ್ಪು ಆಯುಷ್ಯದ್ದಲ್ಲ, ಬೀದಿದೀಪದ್ದು.

ನೀವೂ ಹೀಗೆ ಪರೀಕ್ಷಿಸಬಹುದು. ದೀಪಗಳಿಂದ ದೂರ ನಿಂತು, ಫೋನ್ ಪರದೆ ನೋಡದೆ, ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬಿಡಿ. ಸಪ್ತರ್ಷಿಗಳು ಮೇಲೆ ಬಂದ ಮೇಲೆಯೇ ನೋಡಿ. ದಿಗಂತದ ಹತ್ತಿರ ದಪ್ಪ ಗಾಳಿಯ ಪದರ ಬೆಳಕನ್ನು ಕುಗ್ಗಿಸುತ್ತದೆ. ಮಸುಕಾದ ಚುಕ್ಕೆಯನ್ನು ನೇರವಾಗಿ ನೋಡುವ ಬದಲು ಅದರ ಪಕ್ಕಕ್ಕೆ ದೃಷ್ಟಿಯಿಟ್ಟರೆ ಚೆನ್ನಾಗಿ ಕಾಣುತ್ತದೆ. ಮೊಮ್ಮಕ್ಕಳಿಗೂ ಅಜ್ಜ-ಅಜ್ಜಿಗೂ ಅರುಂಧತಿ ಕಾಣದಿದ್ದರೆ ಅದು ಆಕಾಶದ ದೋಷ. ಮಕ್ಕಳಿಗೆ ಸಲೀಸಾಗಿ ಕಂಡು ಹಿರಿಯರಿಗೆ ಕಾಣದಿದ್ದರೆ ಕಣ್ಣಿನ ಡಾಕ್ಟರ ಬಳಿ ಹೋಗಿ; ಕನ್ನಡಕ ಬದಲಿಸಬೇಕಾಗಿರಬಹುದು, ಪೊರೆ ಬಂದಿರಲೂಬಹುದು.

ಹಾಗೆ ನೋಡುವಾಗ ಇನ್ನೊಂದು ಕೆಲಸ ಮಾಡಿ. ಸೌಟಿನ ಹಿಡಿಯ ಬಾಗನ್ನೇ ಅನುಸರಿಸಿ ಮುಂದೆ ಹೋದರೆ ಕಿತ್ತಳೆ ಬಣ್ಣದ ಸ್ವಾತಿ ನಕ್ಷತ್ರ ಸಿಗುತ್ತದೆ. ಅದರ ಕಾಂತಿಮಾನ ಹೆಚ್ಚುಕಡಿಮೆ ಸೊನ್ನೆ. ಸ್ವಾತಿಯಿಂದ ವಸಿಷ್ಠನಿಗೆ ಎರಡು ಮೆಟ್ಟಿಲು, ವಸಿಷ್ಠನಿಂದ ಅರುಂಧತಿಗೆ ಎರಡು ಮೆಟ್ಟಿಲು. ಸ್ವಾತಿಯ ಮುಂದೆ ವಸಿಷ್ಠ ಎಷ್ಟು ಮಸುಕೋ ವಸಿಷ್ಠನ ಮುಂದೆ ಅರುಂಧತಿ ಅಷ್ಟೇ ಮಸುಕು. ಹಾಗಾದರೆ ಸ್ವಾತಿ ಅರುಂಧತಿಗಿಂತ ಎಷ್ಟು ಪಟ್ಟು ಪ್ರಕಾಶ? ಮೊದಲು ಮಗ್ಗಿಯಲ್ಲಿ ನೋಡಿ, ಆಮೇಲೆ 6.3ನ್ನು 6.3ರಿಂದ ಗುಣಿಸಿ ತಾಳೆ ಹಾಕಿ. ಎರಡೂ ಕಡೆ ಸುಮಾರು ನಲವತ್ತು ಬಂದರೆ ನಿಮ್ಮ ಲೆಕ್ಕ ಸರಿ.