ಪಾರ್ಸೆಲ್ ಒಳಗೊಂದು ಥ್ಯಾಂಕ್ಸ್ ಚೀಟಿ ಇಡ್ತೀರಾ?

ಮನೆಯಲ್ಲೇ ಖಡಕ್ ರೊಟ್ಟಿ ತಟ್ಟಿ, ಶೇಂಗಾ ಹಿಂಡಿ ಕುಟ್ಟಿ, ಬೆಂಗಳೂರು, ಹೈದರಾಬಾದ್‌ವರೆಗೂ ಪಾರ್ಸೆಲ್ ಮಾಡುವವರು ನೀವಾಗಿದ್ದರೆ ಈ ಮಾತು ನಿಮಗೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ರೊಟ್ಟಿ ಎಂದರೆ ಕಟ್ಟುಗಟ್ಟಲೆ ಮಾಡಿಡುವ ಪದಾರ್ಥ. ತಿಂಗಳಾದರೂ ಕೆಡದ್ದರಿಂದ ಪರವೂರಿಗೆ ಕಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಮೊದಲ ಸಲ ತರಿಸಿಕೊಂಡವರು ಎರಡನೇ ಸಲ ಕೇಳುತ್ತಾರಾ, ನಾಲ್ಕು ಜನ ಓದುವಂತೆ ಅಭಿಪ್ರಾಯ ಬರೆಯುತ್ತಾರಾ ಎನ್ನುವುದೇ ಇಲ್ಲಿನ ಚಿಂತೆ. ಅದಕ್ಕೇ ಈಗ ಎಲ್ಲರೂ ಪಾರ್ಸೆಲ್‌ನಲ್ಲಿ ಒಂದು ಥ್ಯಾಂಕ್ಸ್ ಚೀಟಿ ಇಡುತ್ತಾರೆ. ಇಡುವುದೇನೋ ಸುಲಭ, ಅದರಲ್ಲಿ ಏನು ಬರೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಮೊದಲು ಒಂದು ಹಳೇ ಮಾತನ್ನು ನೋಡೋಣ. ‘ಚೆನ್ನಾಗಿದ್ದರೆ ಹತ್ತು ಜನಕ್ಕೆ ಹೇಳಿ, ಚೆನ್ನಾಗಿಲ್ಲದಿದ್ದರೆ ನಮಗೆ ಮಾತ್ರ ಹೇಳಿ’. ಖಾನಾವಳಿಯ ಗೋಡೆಯ ಮೇಲೆ ಇದನ್ನು ಓದಿ ತಲೆದೂಗಿದವರೇ ನಾವೆಲ್ಲ! ಅದನ್ನೇ ತಂದು ಚೀಟಿಯ ಮೇಲೆ ಬರೆಯುವವರು ಬಹಳ. ಕೇಳೋದಕ್ಕೆ ವಿನಯವಾಗಿದೆ, ಆದರೆ ಅರ್ಥ ಏನು? ಹೊಗಳಿಕೆ ಊರಿಗೆ, ದೂರು ಗುಟ್ಟಾಗಿ ನಮಗೆ. ಹೊಸದಾಗಿ ಕೊಳ್ಳುವವರಿಗೆ ಅರ್ಧ ಸತ್ಯ ಮಾತ್ರ ಕಾಣಬೇಕು ಅಂತ. ಗೂಗಲ್ ಮ್ಯಾಪ್‌ನ ನಿಯಮದಲ್ಲಿ, ಮೆಚ್ಚಿದವರನ್ನಷ್ಟೇ ಆರಿಸಿ ರಿವ್ಯೂ ಕೇಳುವುದು, ಕೆಟ್ಟ ರಿವ್ಯೂ ಬರೆಯಬೇಡಿ ಅನ್ನುವುದು ಎರಡೂ ತಪ್ಪೇ. ಅಮೆಜಾನ್‌ನಲ್ಲಿ ಮಾರುವವರಿಗೂ ಹೀಗೇ ನಿರ್ಬಂಧ ಇದೆ. ರಿವ್ಯೂಗೆ ಬದಲಾಗಿ ದುಡ್ಡು, ಉಡುಗೊರೆ, ರಿಯಾಯಿತಿ ಕೊಡುವ ಹಾಗಿಲ್ಲ. ನಮ್ಮ ಕೇಂದ್ರ ಸರ್ಕಾರವೂ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆ IS 19000:2022 ಎಂಬ ಮಾನದಂಡ ತಂದಿತು. ದುಡ್ಡು ಕೊಟ್ಟು ಬರೆಸಿದ್ದು, ಮಾರುವವರ ಕಡೆಯವರೇ ಬರೆದದ್ದು ರಿವ್ಯೂ ಅಲ್ಲ ಅನ್ನುವುದು ಅದರ ತಿರುಳು. ಅಂದಮೇಲೆ ನಾದಿನಿ, ಓರಗಿತ್ತಿ, ಮಗನ ಗೆಳೆಯರಿಂದ ಐದೈದು ಸ್ಟಾರ್ ಹಾಕಿಸುವುದನ್ನೂ ಬಿಡಬೇಕಾಯಿತು ನೋಡಿ.

ಹಾಗಾದರೆ ಚೀಟಿಯಲ್ಲಿ ಏನಿರಬೇಕು? ಒಂದು ಉದಾಹರಣೆ ಹಿಡಿಯೋಣ. ಶಹಾಪುರದ ಒಬ್ಬ ಗೃಹಿಣಿ ಬೆಂಗಳೂರಿನ ಹೊಸ ಗಿರಾಕಿಗೆ 25 ರೊಟ್ಟಿಯ ಒಂದು ಕಟ್ಟು, ಕಾಲು ಕಿಲೋ ಶೇಂಗಾ ಹಿಂಡಿ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಗಿರಾಕಿ ಮೈಸೂರು ಕಡೆಯವರು. ಡಬ್ಬ ಬಿಚ್ಚಿ ನೋಡಿದರೆ ರೊಟ್ಟಿ ಹಪ್ಪಳದ ಹಾಗೆ ಗಟ್ಟಿ, ನಾಲ್ಕು ಒಡೆದಿವೆ ಬೇರೆ. ‘ಒಣಗಿ ಹೋದ ಹಳೇ ರೊಟ್ಟಿ, ಅದೂ ಮುರಿದದ್ದು’ ಅಂತ ಅವರು ಬರೆದರೆ ಅದು ಸುಳ್ಳಲ್ಲ, ಅವರಿಗೆ ಕಂಡದ್ದೇ ಅದು. ಖಡಕ್ ರೊಟ್ಟಿ ಇರುವುದೇ ಹಾಗೆ ಅಂತ ಅವರಿಗೆ ಹೇಳಿದವರು ಯಾರು? ಹೊಸಬರಿಂದ ಬರುವ ಕೆಟ್ಟ ಅಭಿಪ್ರಾಯಗಳಲ್ಲಿ ಎಷ್ಟೋ ಹೀಗೆ ಪದಾರ್ಥದ ದೋಷವಲ್ಲ, ಬಳಸುವುದು ಗೊತ್ತಿಲ್ಲದ್ದರ ಫಲ. ಆದ್ದರಿಂದ ಧನ್ಯವಾದ ಒಂದೇ ಸಾಲು ಸಾಕು. ಮಿಕ್ಕ ಜಾಗ ತಿನ್ನುವ ರೀತಿಗೆ ಬಿಡಿ. ಚೀಟಿ ಹೀಗಿದ್ದರೆ ಹೇಗೆ?

‘ನಮಸ್ಕಾರ್ರೀ. ನಮ್ಮ ಮನೆಯ ರೊಟ್ಟಿ ತರಿಸಿಕೊಂಡಿದ್ದಕ್ಕೆ ಧನ್ಯವಾದ. ಇವು ಖಡಕ್ ರೊಟ್ಟಿ, ಗಟ್ಟಿ ಇರುವುದೇ ಇವುಗಳ ಗುಣ. ಮೆತ್ತಗೆ ಬೇಕಾದರೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಸುತ್ತಿಡಿ. ಹಿಂಡಿಗೆ ಮೊಸರು ಇಲ್ಲವೇ ಶೇಂಗಾ ಎಣ್ಣೆ ಕಲಸಿಕೊಳ್ಳಿ, ಒಣ ಚಮಚವನ್ನೇ ಬಳಸಿ. ದಾರಿಯಲ್ಲಿ ಎರಡು ಮೂರು ರೊಟ್ಟಿ ಒಡೆಯುವುದುಂಟು. ಐದಕ್ಕಿಂತ ಹೆಚ್ಚು ಒಡೆದಿದ್ದರೆ ಫೋಟೋ ಕಳಿಸಿ, ಅಷ್ಟು ರೊಟ್ಟಿ ಮತ್ತೆ ಕೊಡುತ್ತೇವೆ. ನಾಲ್ಕು ದಿನ ಉಂಡ ಮೇಲೆ ಎರಡು ಮಾತು ಬರೆಯಿರಿ: ರೊಟ್ಟಿ ಹೇಗೆ ಬಂದು ಮುಟ್ಟಿದವು? ಹಿಂಡಿಯ ಖಾರ, ಉಪ್ಪು ಹೇಗಿತ್ತು? ಹಿಡಿಸದ್ದನ್ನೂ ಹಾಗೇ ಬರೆಯಿರಿ. ಮತ್ತೆ ಬೇಕಾದಾಗ ಮೂಲೆಯಲ್ಲಿರುವ ಅಂಕಿಯನ್ನು ಈ ನಂಬರಿಗೆ ಕಳಿಸಿದರೆ ಸಾಕು. ಸೋಮವಾರದೊಳಗೆ ಹೇಳಿದರೆ ಬುಧವಾರ ಪೋಸ್ಟ್ ಮಾಡುತ್ತೇವೆ.’

ಇಷ್ಟೇ. ಕೊನೆಯಲ್ಲಿ ನಿಮ್ಮ ಹೆಸರು, ಫೋನ್ ನಂಬರು. ಸ್ಟಾರ್ ಎಂಬ ಮಾತೇ ಇಲ್ಲ ಗಮನಿಸಿದಿರಾ? ‘ಐದು ಸ್ಟಾರ್ ಕೊಡಿ’ ಎಂದರೆ ಸಂಕೋಚಕ್ಕೆ ಕೊಟ್ಟು ‘ಸೂಪರ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದನ್ನು ಓದಿದ ಮತ್ತೊಬ್ಬರಿಗೆ ರೊಟ್ಟಿ ತೆಳ್ಳಗಿದೆಯೋ, ಹಿಂಡಿ ಖಾರವೋ ಸಪ್ಪೆಯೋ ತಿಳಿಯುವುದಿಲ್ಲ. ಮುಟ್ಟಿದ್ದು ಹೇಗೆ, ಖಾರ ಎಷ್ಟು ಅಂತ ಕೇಳಿದರೆ, ಬರೆಯೋದು ಗೊತ್ತಾಗದವರೂ ‘ಮೂರು ಒಡೆದಿದ್ದವು, ಖಾರ ಮಕ್ಕಳಿಗೆ ಸ್ವಲ್ಪ ಜಾಸ್ತಿ, ರುಚಿ ಚೆನ್ನಾಗಿದೆ’ ಅಂತ ಬರೆಯುತ್ತಾರೆ. ಕೊಳ್ಳುವವರು ನಂಬುವುದು ಇಂಥದ್ದನ್ನೇ. ನಿಮಗೂ ಮುಂದಿನ ಸಲ ಖಾರ ಕಡಿಮೆ ಇರುವ ಇನ್ನೊಂದು ಹಿಂಡಿ ಮಾಡುವ ದಾರಿ ಸಿಕ್ಕಿತು.

‘ನಾಲ್ಕು ದಿನ ಉಂಡ ಮೇಲೆ’ ಎಂಬ ಮಾತನ್ನೂ ಬೇಕೆಂದೇ ಹಾಕಿದ್ದು. ಡಬ್ಬ ಬಿಚ್ಚಿದ ಕೂಡಲೇ ಬರೆದರೆ ಅದು ಪ್ಯಾಕಿಂಗ್ ಮೇಲಿನ ಅಭಿಪ್ರಾಯವಾಗುತ್ತದೆ, ಊಟದ್ದಲ್ಲ.

ಒಡೆದ ರೊಟ್ಟಿಯ ಭರವಸೆಯಲ್ಲಿ ಒಂದು ಎಚ್ಚರಿಕೆ. ‘ರಿವ್ಯೂ ತೆಗೆದುಹಾಕಿ, ರೊಟ್ಟಿ ಕೊಡ್ತೀವಿ’ ಎಂದು ಗಿರಾಕಿಗೆ ಎಂದೂ ಹೇಳಬೇಡಿ. ಬೈದು ಬರೆದವರಿಗೂ, ಏನೂ ಬರೆಯದವರಿಗೂ ಅದೇ ಭರವಸೆ ನಡೆಯಬೇಕು. ಬೈದವರ ಕೆಳಗೆ ‘ಆರು ರೊಟ್ಟಿ ಒಡೆದಿದ್ದವು, ಮತ್ತೆ ಕಳಿಸಿದ್ದೇವೆ’ ಎಂದು ನೀವು ಉತ್ತರ ಬರೆದರೆ ಅದನ್ನೂ ಜನ ಓದುತ್ತಾರೆ. ಇನ್ನು ಪದೇ ಪದೇ ಐದಕ್ಕಿಂತ ಹೆಚ್ಚು ಒಡೆದ ಫೋಟೋ ಬರತೊಡಗಿದರೆ ತಪ್ಪು ಪೋಸ್ಟಿನವರದ್ದು ಎಂದು ಸುಮ್ಮನಿರಬೇಡಿ. ಡಬ್ಬದಲ್ಲಿ ರೊಟ್ಟಿಯ ಸುತ್ತ ಜಾಗ ಉಳಿದಿದೆಯೇ ನೋಡಿ. ಪ್ಯಾಕ್ ಮಾಡಿದ ಡಬ್ಬವನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ, ಒಳಗೆ ಕಟ್ಟು ಸರಿದ ಸದ್ದು ಬಂದರೆ ಆ ಡಬ್ಬ ದೊಡ್ಡದಾಯಿತು ಅಂತಲೇ ಅರ್ಥ. ಹಿಂಡಿಗೆ ‘ಕಮಟು ವಾಸನೆ’ ಎಂದು ಇಬ್ಬರು ಬರೆದರೆ ಆ ಸಲದ ಶೇಂಗಾ ಹಳೆಯದಿತ್ತೇ, ಬಿಸಿ ಇರುವಾಗಲೇ ಪ್ಯಾಕೆಟ್ ಕಟ್ಟಿದಿರೇ ಅಂತ ನಿಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಬೇಕು.

ಮತ್ತೆ ಆರ್ಡರ್ ಬರಲಿ ಎಂದು ಏನಾದರೂ ಕೊಡಬೇಕೆನಿಸಿದರೆ ಧಾರಾಳ ಕೊಡಿ, ಆದರೆ ಅದನ್ನು ಮುಂದಿನ ಆರ್ಡರಿಗೆ ಕಟ್ಟಿ, ಅಭಿಪ್ರಾಯಕ್ಕೆ ಕಟ್ಟಬೇಡಿ. ‘ಮುಂದಿನ ಸಲ 50 ಗ್ರಾಂ ಅಗಸಿ ಹಿಂಡಿ ಜೊತೆಗೆ’ ಎನ್ನಬಹುದು. ‘ರಿವ್ಯೂ ಬರೆದವರಿಗೆ 50 ಗ್ರಾಂ’ ಎನ್ನಬಾರದು. ಎರಡೂ ಒಂದೇ ಅನ್ನಿಸಬಹುದು, ಆದರೆ ಎರಡನೆಯದು ಮಾತನ್ನು ಕೊಂಡುಕೊಂಡ ಹಾಗೆ. ದೊಡ್ಡ ಆನ್‌ಲೈನ್ ಅಂಗಡಿಗಳ ಮೂಲಕ ಮಾರುವವರಾದರೆ ಇನ್ನೊಂದು ತೊಡಕಿದೆ. ಅಮೆಜಾನ್‌ನಲ್ಲಿ ಬಂದ ಗಿರಾಕಿಯನ್ನು ‘ನೇರವಾಗಿ ನಮಗೇ ಫೋನ್ ಮಾಡಿ ತರಿಸಿ’ ಎಂದು ಆಚೆ ಕರೆಯುವಂತಿಲ್ಲ. ಆ ಪಾರ್ಸೆಲ್‌ಗೆ ಕೊನೆಯ ಎರಡು ಸಾಲು ಬಿಟ್ಟ ಬೇರೆ ಚೀಟಿಯೇ ಬೇಕು. ವಾಟ್ಸಾಪ್‌ನಲ್ಲಿ ಆರ್ಡರ್ ಪಡೆಯುವವರಿಗೆ ಈ ತಾಪತ್ರಯ ಇಲ್ಲ.

ಅಂಕಿ ಯಾಕೆ ಅಂತೀರಾ? ಪ್ರತಿ ಚೀಟಿಯ ಮೂಲೆಯಲ್ಲಿ 1, 2, 3 ಎಂದು ಬರೆದು, ನೋಟ್‌ಬುಕ್‌ನಲ್ಲಿ ಅದೇ ಅಂಕಿಯ ಮುಂದೆ ತಾರೀಖು, ಕಳಿಸಿದ ಸಾಮಾನು, ಮತ್ತೆ ಕೇಳಿದರೋ ಇಲ್ಲವೋ ಅಂತ ಗುರುತು ಹಾಕಿ. ಗಿರಾಕಿ ‘ಹದಿನೇಳು’ ಎಂದರೆ ಸಾಕು, ಅವರು ಹಿಂದೆ ತರಿಸಿದ್ದು ನಿಮ್ಮ ಕಣ್ಣ ಮುಂದಿರುತ್ತದೆ. ಅಗಸಿ ಹಿಂಡಿಯ ಆಸೆಯಿಂದ ನಿಜವಾಗಿ ಆರ್ಡರ್ ಹೆಚ್ಚಿತೇ ಅನ್ನುವುದೂ ಇದರಲ್ಲೇ ತಿಳಿಯುತ್ತದೆ. ಹೊಸ ಗಿರಾಕಿಗಳಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಆ ಸಾಲು ಇರುವ ಚೀಟಿ ಇಡಿ. ಸಮ ಅಂಕಿಗೆ ಇರಲಿ, ಬೆಸ ಅಂಕಿಗೆ ಬೇಡ. ಎರಡು ಕಡೆಯೂ ನಲವತ್ತು, ಐವತ್ತು ಪಾರ್ಸೆಲ್ ಹೋದ ಮೇಲೆ ಎಣಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆದರೆ ಹಿಂಡಿ ಉಳಿಸಿಕೊಳ್ಳಿ! ಹತ್ತು ಪಾರ್ಸೆಲ್ ನೋಡಿ ತೀರ್ಮಾನ ಮಾಡಬೇಡಿ, ಒಬ್ಬಿಬ್ಬರ ಮನೆಯಲ್ಲಿ ಮದುವೆ ಇದ್ದರೂ ಲೆಕ್ಕ ತಲೆಕೆಳಗಾಗುತ್ತದೆ. ಬಂಧುಬಳಗದ ಆರ್ಡರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಖರ್ಚಿನ ಮಾತು ದೊಡ್ಡದೇನಲ್ಲ. ಒಂದು ಎ4 ಹಾಳೆಯಲ್ಲಿ ನಾಲ್ಕು ಚೀಟಿ ಆಗುತ್ತವೆ, ನೂರು ಚೀಟಿಗೆ 25 ಹಾಳೆ ಝೆರಾಕ್ಸ್. ಗಿರಾಕಿಯ ಹೆಸರನ್ನು ಮಾತ್ರ ಕೈಯಲ್ಲಿ ಬರೆಯಿರಿ, ಅದೂ ಬಾಲ್ ಪೆನ್ನಿನಲ್ಲಿ. ಮಳೆಗಾಲದ ತೇವ ತಾಗಿದರೆ ಜೆಲ್ ಪೆನ್ನಿನ ಅಕ್ಷರ ಹರಡಿಬಿಡುತ್ತದೆ. ಚೀಟಿ ತಿನ್ನುವ ಪದಾರ್ಥಕ್ಕೆ ತಾಗಲೇಬಾರದು. ಅಚ್ಚಿನ ಶಾಯಿ ಆಹಾರಕ್ಕಿಳಿಯುತ್ತದೆ ಎಂಬ ಕಾರಣಕ್ಕೇ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಹಳೇ ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಎಂದಿದೆ. ಸೀಲ್ ಮಾಡಿದ ಪ್ಯಾಕೆಟ್ಟಿನ ಹೊರಗೆ, ಡಬ್ಬದ ಒಳಗೆ, ಎಲ್ಲಕ್ಕಿಂತ ಮೇಲೆ ಇಡಿ. ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು ಎಂಬುದು ಪ್ಯಾಕೆಟ್ಟಿನ ಲೇಬಲ್ ಮೇಲೆಯೇ ಇರಬೇಕು. ಚೀಟಿಯಲ್ಲಿ ಬರೆದಿದ್ದೇನೆ ಎಂದರೆ ಆಗದು, ಚೀಟಿ ಕಸಕ್ಕೆ ಹೋಗುತ್ತದೆ, ಪ್ಯಾಕೆಟ್ ಉಳಿಯುತ್ತದೆ.

ಯಾದಗಿರಿ ಗಡಿ ಜಿಲ್ಲೆ, ಪಕ್ಕದಲ್ಲೇ ತೆಲಂಗಾಣ. ಹೈದರಾಬಾದಿಗೆ ಹೋಗುವ ಚೀಟಿಯ ಹಿಂಬದಿಗೆ ಅದನ್ನೇ ತೆಲುಗಿನಲ್ಲಿ ಬರೆಸಿ. ಬಳಸುವ ರೀತಿ ಓದಲು ಬಾರದಿದ್ದರೆ ಚೀಟಿ ಇಟ್ಟೂ ಇಡದ ಹಾಗೆ. ತಿಂಡಿಯಲ್ಲದೆ ಸುರಪುರ ಶೈಲಿಯ ಚಿತ್ರ ಮಾಡಿ ಕಳಿಸುವವರೂ ಇದೇ ಕ್ರಮ ಹಿಡಿಯಬಹುದು. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ ಎಂದು ಹೇಳಿ, ‘ಫೋಟೋದಲ್ಲಿ ಕಂಡ ಬಣ್ಣಕ್ಕೂ ಕೈಗೆ ಬಂದದ್ದಕ್ಕೂ ವ್ಯತ್ಯಾಸ ಇದೆಯೇ?’ ಎಂದು ಒಂದೇ ಪ್ರಶ್ನೆ ಕೇಳಿ.

ಗಿರಾಕಿ ವಾಟ್ಸಾಪ್‌ನಲ್ಲಿ ಒಳ್ಳೆಯ ಮಾತು ಬರೆದರೆ ಖುಷಿಗೆ ಅದನ್ನೇ ಸ್ಟೇಟಸ್‌ಗೆ ಹಾಕಿಬಿಡುತ್ತೇವೆ, ಅಲ್ಲವೇ? ಮೊದಲು ‘ಹಾಕಲೇನ್ರೀ?’ ಎಂದು ಕೇಳಿ, ಹಾಕುವಾಗ ಅವರ ನಂಬರು, ಫೋಟೋ ಮುಚ್ಚಿ. ಅವರ ನಂಬರು ಕೊಟ್ಟಿದ್ದು ಪಾರ್ಸೆಲ್ ಮುಟ್ಟಲಿ ಎಂದು, ದಿನಾ ಬೆಳಗ್ಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಬರಲಿ ಎಂದಲ್ಲ. ನಾಲ್ಕು ಜನರ ಮನೆಯಲ್ಲಿ ಒಂದೊಂದು ಊಟಕ್ಕೆ ತಲಾ ಎರಡು ಎಂದರೂ 25 ರೊಟ್ಟಿ ಮೂರು ಊಟಕ್ಕೆ ಮುಗಿದವು. ದಿನಾ ರೊಟ್ಟಿ ತಿನ್ನದವರಲ್ಲಿ ಅದೇ ಕಟ್ಟು ಎರಡು ವಾರ ಬರುತ್ತದೆ. ಆರ್ಡರ್ ತಗೊಳ್ಳುವಾಗಲೇ ‘ಇಪ್ಪತ್ತು ದಿನ ಬಿಟ್ಟು ಒಂದು ಸಲ ನೆನಪಿಸಲೇ?’ ಎಂದು ಕೇಳಿಟ್ಟುಕೊಳ್ಳಿ. ಹೂಂ ಎಂದವರಿಗೆ ಒಂದೇ ಒಂದು ಮೆಸೇಜ್ ಕಳಿಸಿ, ಉತ್ತರ ಬಾರದಿದ್ದರೆ ಅವರ ಅಂಕಿಯ ಮುಂದೆ ಒಂದು ಗೆರೆ ಎಳೆದು ಸುಮ್ಮನಾಗಿ. ಆ ಚೀಟಿ ಅವರ ಅಡುಗೆಮನೆಯ ಡಬ್ಬದ ಮೇಲೆಲ್ಲೋ ಇದ್ದರೆ, ರೊಟ್ಟಿ ಬೇಕೆನಿಸಿದ ದಿನ ಅವರೇ ಅಂಕಿ ಕಳಿಸುತ್ತಾರೆ.